ಅಕ್ಕನ ಹಾಸಿಗೆ ಪಕ್ಕ ಕೂತು ತಮ್ಮ ಆಡಿದ ಮಾತು

ಅಕ್ಕಾ, ನಾನು ಕಣೇ. ನಿನ್ನ ಎಡಗಡೆ ಕೂತಿದೀನಿ. ಈಗ ನಿನ್ನ ಕೈ ಹಿಡ್ಕೊಳ್ತೀನಿ. ಕಣ್ಣು ಮುಚ್ಚಿ ಮಲಗಿರೋರನ್ನ ಹೇಳದೆ ಕೇಳದೆ ಮುಟ್ಟಬಾರದು, ಬೆಚ್ಚಿಬೀಳ್ತಾರೆ ಅಂತ ನೀನೇ ಹೇಳ್ತಿದ್ದೆ. ಉತ್ತರ ಕೊಡೋಕೆ ಹೋಗಬೇಡ. ರೆಪ್ಪೆ ಅಲ್ಲಾಡಿಸೋಕೂ ಕಷ್ಟಪಡಬೇಡ. ನಿಂಗೆ ಕೇಳಿಸ್ತಿದೆ ಅಂದ್ಕೊಂಡೇ ನಾನು ಮಾತಾಡ್ತೀನಿ.

ವಾರ್ಡಿಗೆ ಹೊಸದಾಗಿ ಬಂದ ನರ್ಸ್ ಹುಡುಗಿಯರಿಗೆ ನೀನು ಮೊದಲು ಕಲಿಸ್ತಿದ್ದದ್ದೂ ಇದನ್ನೇ. ಪೇಷಂಟ್ ಮುಂದೆ ನಿಂತು ಪೇಷಂಟ್ ಬಗ್ಗೆ ಮಾತಾಡಬೇಡಿ, ಪೇಷಂಟ್ ಜೊತೆ ಮಾತಾಡಿ ಅಂತ. 2020ರಲ್ಲಿ ಕೆನಡಾದವರು ಮಾಡಿದ ಒಂದು ಅಧ್ಯಯನದ ಸುದ್ದಿ ನಂಗೆ ಕಳಿಸಿದ್ದೆ, ನೆನಪಿದೆಯಾ? ಪ್ರಜ್ಞೆ ತಪ್ಪಿ ಮಲಗಿದ್ದ, ಇನ್ನು ಕೆಲವೇ ಗಂಟೆ ಉಳಿದಿದ್ದ ಕೆಲವರ ಮಿದುಳು ಶಬ್ದಕ್ಕೆ ಸ್ಪಂದಿಸ್ತಿತ್ತು ಅಂತ. ಆಗ ನಮ್ಮಿಬ್ಬರ ಮಧ್ಯೆ ಮಾತೇ ಅಪರೂಪ. ಆದ್ರೂ ಕಳಿಸಿದೆ. ನಾನು ಪೂರ್ತಿ ಓದಿದೆ, ಒಂದು ಸಾಲು ಉತ್ತರ ಬರೀಲಿಲ್ಲ. ಕೇಳಿಸಿದ ಮಾತು ಅವರಿಗೆ ಅರ್ಥ ಆಗ್ತಿತ್ತು ಅಂತ ಆ ಅಧ್ಯಯನ ಹೇಳಲಿಲ್ಲ, ಅದೂ ನಂಗೆ ಗೊತ್ತು. ನಿಂಗೆ ನನ್ನ ದನಿ ಮುಟ್ಟಿದ್ರೂ ಸಾಕು.

ಇಲ್ಲಿ ಎಲ್ಲಾ ನೀನು ಬರೆದಿಟ್ಟ ಹಾಗೇ ನಡೀತಿದೆ. ವೆಂಟಿಲೇಟರ್ ಇಲ್ಲ, ಮೂಗಿಗೆ ಟ್ಯೂಬ್ ಇಲ್ಲ. ನೀನು ಸಹಿ ಹಾಕಿದ ಕಾಗದ ಡಾಕ್ಟರ್ ಓದಿದಾರೆ, ಫೈಲಿನ ಮೊದಲ ಪುಟದಲ್ಲೇ ಇಟ್ಟಿದಾರೆ. ಮಾರ್ಫಿನ್ ನಾಲ್ಕು ಗಂಟೆಗೊಂದು ಸಲ, ತೋಳಿನ ಚರ್ಮದಡಿ ಕೂರಿಸಿರೋ ಆ ಸಣ್ಣ ಸೂಜಿಯಿಂದ ಕೊಡ್ತಿದಾರೆ. ನೋವು ಬರಲಿ ನೋಡೋಣ ಅಂತ ಕಾಯ್ತಿಲ್ಲ. ಗಡಿಯಾರ ನೋಡಿ, ಬರೋಕೆ ಮೊದಲೇ ಕೊಡ್ತಾರೆ. ನಿನ್ನ ಗಂಟಲಲ್ಲಿ ಸ್ವಲ್ಪ ಗೊರಗೊರ ಸದ್ದಿದೆ. ನಿನ್ನ ಮಗಳು ಗಾಬರಿ ಬಿದ್ಲು. ನುಂಗೋಕಾಗದ ಜೊಲ್ಲು ಅಲ್ಲಿ ನಿಂತಿರೋದು, ಅಮ್ಮನಿಗೆ ಅದರಿಂದ ಉಸಿರು ಕಟ್ತಿಲ್ಲ ಅಂತ ನಾನೇ ಸಮಾಧಾನ ಹೇಳಿದೆ. ಎಲ್ಲಿ ಕಲಿತೆ ಅಂತ ಕೇಳಿದ್ಲು. ನಿಮ್ಮಮ್ಮನ ಹತ್ರ ಅಂದೆ. ನಿನ್ನ ಒಂದು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ದಿಂಬು ಕೊಟ್ಟಿದೀವಿ, ಈಗ ಸದ್ದು ಕಮ್ಮಿ ಆಗಿದೆ. ನೀರು ಕುಡಿಸೋಕೆ ಯಾರೂ ಹೋಗಿಲ್ಲ, ತುಟಿ ಮಾತ್ರ ಒದ್ದೆ ಮಾಡ್ತಿದೀವಿ.

ಇನ್ನು ನಿಂಗೆ ಹೇಳಬೇಕಾದ್ದು ಹೇಳ್ತೀನಿ.

ಅಕ್ಕಾ, ನಂಗೆ ಅಮ್ಮನ ಮುಖ ಫೋಟೋದಲ್ಲಿ ಮಾತ್ರ ಗೊತ್ತು. ಅಮ್ಮ ಇರಬೇಕಾದ ಜಾಗದಲ್ಲೆಲ್ಲ ನೀನಿದ್ದೆ. ಇದನ್ನ ನಾನು ಊರಿಗೆಲ್ಲ ಹೇಳಿದೀನಿ, ನಿಂಗೆ ಒಂದ್ಸಲವೂ ಹೇಳಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮ್ ಕೂಡ ಬಿಚ್ಚದೆ ನನ್ನ ಬ್ಯಾಗ್ ತುಂಬಿಸಿ, ಶೂ ಲೇಸ್ ಕಟ್ಟಿ ಕಳಿಸ್ತಿದ್ದೆ. ನಾನು ಬಾಗಿಲು ದಾಟೋವರೆಗೂ ಮಲಗ್ತಿರಲಿಲ್ಲ. ಒಂದ್ಸಲ ಸ್ಕೂಲಲ್ಲಿ ಪೋಷಕರ ಮೀಟಿಂಗಿಗೆ ಬಂದೋಳು ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದೆ. ಉಳಿದ ಹುಡುಗರು ನಕ್ಕರು. ನಂಗೆ ನಾಚಿಕೆ ಆಗಿ ಬೇರೆ ಕಡೆ ಮುಖ ತಿರುಗಿಸಿದ್ದೆ. ನೀನು ಎದ್ದು, ಟೀಚರ್ ಹತ್ರ ನನ್ನ ಗಣಿತದ ಮಾರ್ಕ್ಸ್ ಬಗ್ಗೆ ನಿಧಾನವಾಗಿ ಒಂದೊಂದೇ ಕೇಳಿದೆ. ಆ ಬೆಂಚು, ನಿನ್ನ ಬಿಳಿ ಸೀರೆ, ಜಾರಿದ್ದ ನಿನ್ನ ತಲೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತು ನಿನ್ನ ಪಕ್ಕ ಬಂದು ಕೂರಬೇಕಿತ್ತು.

ಜ್ವರ ಬಂದಾಗ ಥರ್ಮಾಮೀಟರ್ ಹುಡುಕೋಕೆ ಮೊದಲೇ ಅಂಗೈ ಹಿಂಭಾಗ ನನ್ನ ಹಣೆಗೆ ಇಡ್ತಿದ್ದೆ. ಎಷ್ಟಿದೆ ಅಂತ ಹೇಳ್ತಿದ್ದೆ. ಆಮೇಲೆ ಥರ್ಮಾಮೀಟರೂ ಅಷ್ಟೇ ತೋರಿಸ್ತಿತ್ತು. ಎದೆಗೆ ಪಿನ್ ಹಾಕ್ಕೊಳ್ತಿದ್ದ ಆ ವಾಚ್ ಬಿಚ್ಚಿ ಕೊಟ್ಟು ನಾಡಿ ಎಣಿಸೋದು ಕಲಿಸಿದ್ದೆ. ಎಣಿಸುವಾಗ ನಾನು ತಪ್ಪಿದ್ರೆ, ಇನ್ನೊಂದ್ಸಲ ಅಂತಿದ್ದೆ, ಬೈತಿರಲಿಲ್ಲ. ನನ್ನ ಕಾಲೇಜಿನ ಮೊದಲ ವರ್ಷದ ಫೀಸ್ ನಿನ್ನ ಸಂಬಳದಿಂದ ಹೋಯ್ತು ಅನ್ನೋದು ಅಪ್ಪ ಹೇಳಿ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. ನೀನು ಇನ್ನೂ ಓದಬೇಕು ಅಂತ ಇದ್ದ ವರ್ಷ ಅದು. ಅದನ್ನ ನೀನು ಯಾವತ್ತೂ ಎತ್ತಿ ಆಡಲಿಲ್ಲ, ಜಗಳದಲ್ಲಿ ಕೂಡ. ನಾನು ಇವತ್ತು ಏನಾಗಿದೀನೋ ಅದಕ್ಕೆ ಮೊದಲ ಕಾರಣ ನೀನು. ಥ್ಯಾಂಕ್ಸ್ ಅಂದ್ರೆ ಸಾಲಲ್ಲ ಅಂತ ಇಷ್ಟು ವರ್ಷ ಅದನ್ನೂ ಹೇಳದೆ ಉಳಿದುಬಿಟ್ಟೆ. ಸಾಲದೇ ಇದ್ರೂ ಹೇಳ್ತಿದೀನಿ. ಥ್ಯಾಂಕ್ಸ್ ಅಕ್ಕಾ. ನೀನು ನಂಗೆ ಅಕ್ಕ ಆಗಿ ಸಿಕ್ಕಿದ್ದಕ್ಕೆ.

ಸಿಸಿಲಿ ಸಾಂಡರ್ಸ್ ಬಗ್ಗೆ ನೀನು ಹೇಳುವಾಗ ನಿನ್ನ ಕಣ್ಣೇ ಬೇರೆ ಆಗ್ತಿತ್ತು. ನರ್ಸ್ ಆಗಿದ್ದೋರು, ಬೆನ್ನುನೋವಿಂದ ಆ ಕೆಲಸ ಬಿಡಬೇಕಾಗಿ ಬಂದೋರು, ಆಮೇಲೆ ಡಾಕ್ಟರ್ ಓದಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದೋರು ಅಂತ. ಸಾಯ್ತಿರೋರ ನೋವು ದೇಹದ್ದೊಂದೇ ಅಲ್ಲ, ಮನಸ್ಸಿನದ್ದು, ಮನೆಯವರದ್ದು, ನಂಬಿಕೆಯದ್ದು ಎಲ್ಲಾ ಸೇರುತ್ತೆ ಅಂತ ಅವರು ಹೇಳಿದ್ದನ್ನ ನೀನು ವಿವರಿಸ್ತಿದ್ದೆ. ದೇಹದ ನೋವನ್ನ ಇಲ್ಲಿಯ ನರ್ಸ್‌ಗಳು ನೋಡ್ಕೊಳ್ತಿದಾರೆ. ಮನೆಯವರದ್ದು ನನ್ನ ಪಾಲಿನ ಕೆಲಸ. ತಡ ಮಾಡಿದೀನಿ.

ಅಪ್ಪನ ಕೊನೆ ದಿನ ನಾನು ಆಡಿದ ಮಾತು. ಯಾವುದು ಅಂತ ನಿಂಗೆ ಗೊತ್ತು. ಆದ್ರೂ ನಾನು ಅದನ್ನ ಬಾಯಿಬಿಟ್ಟೇ ಹೇಳಬೇಕು. ಬಂಧುಗಳೆಲ್ಲ ನಿಂತಿದ್ರು, ವೆಂಟಿಲೇಟರ್ ಬೇಡ ಅಂತ ನೀನು ಸಹಿ ಹಾಕಿ ಆಗಿತ್ತು, ನಾನು ಬರೋಷ್ಟರಲ್ಲಿ ಅಪ್ಪ ಇರಲಿಲ್ಲ. ‘ಅಪ್ಪನ್ನ ನೀನೇ ಸಾಯಿಸಿದೆ’ ಅಂದೆ. ಜೀವಮಾನವೆಲ್ಲ ಜನರನ್ನ ನೋಡ್ಕೊಂಡ ನಿಂಗೆ ಹಾಗಂದೆ. ನೀನು ಏನೂ ಹೇಳಲಿಲ್ಲ. ಅಪ್ಪನ ಬಟ್ಟೆ ಮಡಿಸ್ತಿದ್ದೆ, ಮಡಿಸೋದು ನಿಲ್ಲಿಸಲಿಲ್ಲ.

ಆ ಮಾತು ಸುಳ್ಳು ಕಣೇ. ಅವತ್ತೂ ಸುಳ್ಳೇ. ಅಪ್ಪನ್ನ ತಗೊಂಡು ಹೋಗಿದ್ದು ಕಾಯಿಲೆ. ನೀನು ಅವರಿಗೆ ಇನ್ನಷ್ಟು ಹಿಂಸೆ ಆಗದ ಹಾಗೆ ನೋಡ್ಕೊಂಡೆ. ಇವತ್ತು ನಿನ್ನ ಕಾಗದ ಡಾಕ್ಟರ್ ಕೈಗೆ ಕೊಡುವಾಗ ನನ್ನ ಕೈ ನಡುಗ್ತು. ಅಷ್ಟು ಭಾರದ ಕೆಲಸವನ್ನ ನೀನು ಅವತ್ತು ಒಬ್ಬಳೇ ಮಾಡಿದ್ದೆ, ಮೇಲೆ ನನ್ನ ಮಾತು ಬೇರೆ ಹೊತ್ಕೊಂಡೆ. ನನ್ನನ್ನ ಕ್ಷಮಿಸು. ಆಮೇಲೆ ಎರಡು ವರ್ಷ ಫೋನ್ ಮಾಡದೆ ಇದ್ದದ್ದಕ್ಕೆ ಕ್ಷಮಿಸು. ಮತ್ತೆ ಮಾತು ಶುರು ಆದ ಮೇಲೂ ಆ ವಿಷಯ ಎತ್ತದೆ, ಆರೋಗ್ಯ ಹೇಗಿದೆ, ಮಕ್ಕಳು ಹೇಗಿದಾರೆ ಅಂತಲೇ ಕಾಲ ಕಳೆದಿದ್ದಕ್ಕೂ. ಆ ದಿನ ಅಲ್ಲಿದ್ದ ಚಿಕ್ಕಪ್ಪನಿಗೆ, ಅತ್ತೆಗೆ ನಿನ್ನೆ ನಾನೇ ಫೋನ್ ಮಾಡಿದ್ದೆ. ನಾನು ಅಂದದ್ದು ಸುಳ್ಳು ಅಂತ ಹೇಳಿದೆ. ಎಲ್ಲರೆದುರು ಆಡಿದ ಮಾತು, ನಿನ್ನ ಕಿವಿಯಲ್ಲಿ ಮಾತ್ರ ವಾಪಸ್ ತಗೊಂಡ್ರೆ ಆಗಲ್ಲ ಅನ್ನಿಸ್ತು.

ನನ್ನ ಕಡೆಯದ್ದೂ ಒಂದಿದೆ. ಅದನ್ನ ಮುಚ್ಚಿಟ್ಟು ಬರೀ ಒಳ್ಳೇದು ಮಾತಾಡಿದ್ರೆ ನಿಂಗೇ ಇಷ್ಟ ಆಗಲ್ಲ. ಅಪ್ಪನಿಗೆ ಜಾಸ್ತಿ ಆದಾಗ ನೀನು ನಂಗೆ ಬೇಗ ತಿಳಿಸಲಿಲ್ಲ. ಮುಂಚಿನ ದಿನ ಫೋನ್ ಮಾಡಿದ್ದಿದ್ರೆ ನಾನು ಅವರ ಮುಖ ನೋಡ್ತಿದ್ದೆ. ಅದು ನಂಗೆ ತುಂಬಾ ನೋವು ಕೊಡ್ತು, ಸಿಟ್ಟಿನ ಬೇರು ಅಲ್ಲೇ ಇತ್ತು. ನೀನು ಯಾಕೆ ತಡ ಮಾಡಿದೆ ಅಂತ ಕೇಳಲೇ ಇಲ್ಲ, ಇನ್ನು ಕೇಳೋದೂ ಬೇಡ. ರಾತ್ರಿಯಿಡೀ ಎಚ್ಚರ ಇದ್ದು ಒಬ್ಬರ ಉಸಿರು ನೋಡ್ತಾ ಕೂತಾಗ ಫೋನ್ ಅನ್ನೋದೇ ಮರೆತುಹೋಗುತ್ತೆ ಅಂತ ಈ ವಾರ ನಾನೇ ಕಂಡೆ. ಅದನ್ನ ನಾನು ಬಿಟ್ಟುಬಿಟ್ಟೆ ಅಕ್ಕಾ. ಕ್ಷಮಿಸಿದೀನಿ. ಮನಸ್ಸಿನ ಮೂಲೆಯಲ್ಲೂ ಅದನ್ನ ಇಟ್ಕೊಂಡಿಲ್ಲ. ನೀನು ನಂಗೆ ಬಾಕಿ ಏನೂ ಉಳಿಸಿಲ್ಲ.

ನೀನು ಈಗ ಕೈ ಒತ್ತಿದ ಹಾಗೆ ಅನ್ನಿಸ್ತು. ಸುಮ್ನೆ ನರ ಎಳೆದಿರಬಹುದು ಅಂತ ನೀನೇ ಹೇಳ್ತಿದ್ದೆಯೇನೋ. ನೀನು ಒತ್ತಿದೆ ಅಂತಲೇ ನಾನು ಇಟ್ಕೊಳ್ತೀನಿ.

ಇನ್ನು ನಿನ್ನ ಯೋಚನೆಗಳು. ಮಗಳ ಓದು ಮುಗಿಯೋವರೆಗೂ ಖರ್ಚು ನಂದು. ಅವಳು ಬೇಡ ಅಂದ್ರೂ ನಂದೇ. ಭಾವ ಬಿಪಿ ಮಾತ್ರೆ ದಿನಾ ತಗೊಳ್ತಾರಾ ಅಂತ ನಾನು ಫೋನ್ ಮಾಡಿ ಕೇಳ್ತೀನಿ, ಮರೆತರೆ ಬಂದು ಕೂರ್ತೀನಿ. ನಿನ್ನ ಕಣ್ಣು ದಾನ ಮಾಡಬೇಕು ಅಂತ ಬರೆದಿದೀಯಲ್ಲ, ಆರು ಗಂಟೆಯೊಳಗೆ ತೆಗೀಬೇಕು ಅಂತ ಗೊತ್ತು, ಐ ಬ್ಯಾಂಕಿನ ನಂಬರ್ ಭಾವನ ಹತ್ರವೂ ಇದೆ, ನನ್ನ ಹತ್ರವೂ ಇದೆ. ಅದು ತಪ್ಪೋದಿಲ್ಲ. ನಾವು ಅಳ್ತೀವಿ. ಬಹಳ ದಿನ ಅಳ್ತೀವಿ. ಆದ್ರೆ ಒಬ್ಬರನ್ನೊಬ್ಬರು ನೋಡ್ಕೊಳ್ತೀವಿ. ನಮಗೋಸ್ಕರ ನೀನು ಹಿಡ್ಕೊಂಡು ಇರಬೇಕಿಲ್ಲ.

ಎಷ್ಟೋ ಪೇಷಂಟ್‌ಗಳು, ಮನೆಯವರು ಐದು ನಿಮಿಷ ಆಚೆ ಹೋದಾಗಲೇ ಹೋಗಿಬಿಡ್ತಾರೆ, ಆಮೇಲೆ ಮನೆಯವರು ತಮ್ಮನ್ನೇ ಬೈಕೊಳ್ತಾರೆ, ಹಾಗೆ ಮಾಡಬಾರದು ಅಂತಿದ್ದೆ. ನಿಂಗೆ ಹಾಗೇ ಬೇಕು ಅನ್ನಿಸಿದ್ರೆ ಹಾಗೇ ಆಗಲಿ. ನಾವು ಯಾರೂ ನಮ್ಮನ್ನ ಬೈಕೊಳ್ಳಲ್ಲ. ನಾವಿದ್ದಾಗ ಹೋಗಬೇಕು ಅನ್ನಿಸಿದ್ರೆ ಇಲ್ಲೇ ಇರ್ತೀವಿ, ಕೈ ಬಿಡಲ್ಲ. ಉಸಿರಿನ ಮಧ್ಯೆ ಬಿಡುವು ಉದ್ದ ಆಗ್ತಿದೆ. ನಿನ್ನ ಪಾದ ತಣ್ಣಗಾಗಿದೆ, ಮಂಡಿ ಹತ್ರ ಬಣ್ಣ ಬದಲಾಗಿದೆ. ಏನಾಗ್ತಿದೆ ಅಂತ ನಿಂಗೆ ಬೇರೆಯವರು ಹೇಳಬೇಕಿಲ್ಲ. ಇಷ್ಟು ಜನರನ್ನ ಈ ದಾರಿಯಲ್ಲಿ ಕೈ ಹಿಡಿದು ಕಳಿಸಿದೋಳು ನೀನು. ಹೆದರಬೇಡ.

ಹೋಗಿ ಬಾ ಅಕ್ಕಾ. ನೀನಂದ್ರೆ ನಂಗೆ ಪ್ರಾಣ. ಎಲ್ಲಾ ಚೆನ್ನಾಗಿ ಮಾಡಿದೆ, ನಮಗೆಲ್ಲ ಬೇಕಾದಷ್ಟು ಮಾಡಿದೆ.

ಈಗ ತುಟಿ ಒದ್ದೆ ಮಾಡ್ತೀನಿ, ತಣ್ಣಗಿರುತ್ತೆ. ಹಾಂ, ಅಷ್ಟೇ. ಭಾವ ಹೊರಗೆ ಕೂತಿದಾರೆ, ನಿನ್ನ ಮಗಳು ಪಕ್ಕದ ರೂಮಲ್ಲಿ ಈಗಷ್ಟೇ ಮಲಗಿದಾಳೆ. ಅವಳನ್ನ ಎಬ್ಬಿಸ್ತೀನಿ. ಅವಳು ನಿನ್ನ ಹತ್ರ ಒಬ್ಬಳೇ ಮಾತಾಡಬೇಕಂತೆ.