‘ಅರಗಿನ ಬಣ್ಣ’ ಕಿರುಚಿತ್ರ: ದೃಶ್ಯ 1, ಕಾಣದವರಿಗಾಗಿ ಶ್ರವ್ಯ ವಿವರಣೆ ಸೇರಿಸಿದ ಪ್ರತಿ

ವಿವರಣೆ ಓದುವವರಿಗೆ: ಈ ದೃಶ್ಯದಲ್ಲಿ ಸುಮಾರು ಎರಡು ನಿಮಿಷ ಯಾರೂ ಮಾತನಾಡುವುದಿಲ್ಲ. ಕಥೆ ಶುರುವಾಗುವುದೇ ಆ ಮೌನದಲ್ಲಿ. ಲೇತ್ ತಿರುಗುವುದು ಎಲ್ಲರಿಗೂ ಕೇಳುತ್ತದೆ, ಅದನ್ನು ಹೇಳುವುದು ಬೇಡ. ವರ್ತಮಾನ ಕಾಲ, ಸಮನಾದ ದನಿ.

ಒಳಾಂಗಣ. ಚನ್ನಪಟ್ಟಣ, ಗೊಂಬೆ ಮಾಡುವ ಮನೆ. ಬೆಳಗ್ಗೆ.

00:00:40 (ಲೇತ್ ಸದ್ದು)
ವಿವರಣೆ, 10 ಸೆಕೆಂಡು: ಇಕ್ಕಟ್ಟಾದ ಕೋಣೆ. ನೆಲದ ತುಂಬ ಮರದ ಹೊಟ್ಟು. ಬಿಳಿಗಡ್ಡದ ವೃದ್ಧರೊಬ್ಬರು ಲೇತ್ ಮುಂದೆ ಕುಳಿತಿದ್ದಾರೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ.

(ಹೆಸರು, ಸಂಬಂಧ ಸಂಭಾಷಣೆಯಲ್ಲಿ ಬರುವವರೆಗೆ ‘ವೃದ್ಧರು’, ‘ಹುಡುಗಿ’ ಎಂದೇ ಇರಲಿ.)

00:01:02 (ಉಳಿ ಮರ ಕೆತ್ತುವ ಸದ್ದು)
ವಿವರಣೆ, 8 ಸೆಕೆಂಡು: ಉಳಿ ತಗುಲಿದಂತೆ ಮರದ ತುಂಡು ಬುಗುರಿಯಾಗುತ್ತದೆ. ಗೋಡೆಯ ಹಲಗೆಯ ಮೇಲೆ ಬುಗುರಿಗಳ ಸಾಲು. ಎಲ್ಲವೂ ಕೆಂಪು.

00:01:24 (ಸದ್ದು ನಿಲ್ಲುತ್ತದೆ)
ವಿವರಣೆ ಇಲ್ಲ. ಆರು ಸೆಕೆಂಡಿನ ಈ ನಿಶ್ಶಬ್ದವನ್ನು ಮುಟ್ಟಬೇಡಿ.

00:01:30
ವಿವರಣೆ, 9 ಸೆಕೆಂಡು: ವೃದ್ಧರ ಬೆರಳು ಹಲಗೆಯ ಮೇಲೆ ತಡಕಾಡುತ್ತವೆ. ಅರಗಿನ ಎರಡು ಕಡ್ಡಿ. ಹಸಿರನ್ನು ಎತ್ತಿ, ತೊಡೆಯ ಬಳಿ ಇಟ್ಟು, ಬುಗುರಿಯ ಪುಡಿ ಒರೆಸುತ್ತಾರೆ.

00:01:41
ವಿವರಣೆ, 8 ಸೆಕೆಂಡು: ಹುಡುಗಿ ಉಸಿರು ಬಿಗಿಹಿಡಿಯುತ್ತಾಳೆ. ಹಸಿರು ಕಡ್ಡಿ ಮೆಲ್ಲನೆ ತೆಗೆದು, ಅದೇ ಜಾಗದಲ್ಲಿ ಕೆಂಪು ಕಡ್ಡಿ ಇಡುತ್ತಾಳೆ.

(ಇದು 00:01:50ಕ್ಕೆ ಲೇತ್ ಮತ್ತೆ ತಿರುಗುವ ಮುನ್ನ ಮುಗಿಯಲೇಬೇಕು. ಹುಟ್ಟಿನಿಂದ ಕಾಣದವರಿಗೆ ಬಣ್ಣದ ಮಾತು ಯಾಕೆ ಎಂದು ತಂಡದಲ್ಲಿ ಕೇಳಿದರು. ಇಲ್ಲಿ ಬಣ್ಣ ಅಲಂಕಾರವಲ್ಲ, ಬಣ್ಣವೇ ಘಟನೆ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರೂ ಈ ವಿವರಣೆ ಕೇಳುತ್ತಿರುತ್ತಾರೆ. ಅವರಿಗೆ ಕೆಂಪು ನೆನಪಿದೆ. ಮೊದಲ ಕರಡಿನಲ್ಲಿ ‘ಕಣ್ಣು ಮಂಜಾದ ವೃದ್ಧರು’ ಎಂದಿತ್ತು, ಹೊಡೆದುಹಾಕಿದ್ದೇನೆ. ನೋಡುವವರು ಕಡ್ಡಿಯಿಂದಲೇ ಅದನ್ನು ಊಹಿಸುತ್ತಾರೆ. ಕೇಳುವವರಿಗೂ ಆ ಅವಕಾಶ ಇರಲಿ.)

00:01:54 (ಲೇತ್ ಸದ್ದು)
ವಿವರಣೆ, 9 ಸೆಕೆಂಡು: ತಿರುಗುವ ಬುಗುರಿಗೆ ಕಡ್ಡಿ ಒತ್ತುತ್ತಾರೆ. ಬಿಸಿಗೆ ಅರಗು ಕರಗಿ, ಮರದ ಸುತ್ತ ಕೆಂಪು ಹರಡುತ್ತದೆ. ತಾಳೆಗರಿ ಒತ್ತಿದಾಗ ಹೊಳಪೇರುತ್ತದೆ.

00:02:20 (ಸದ್ದು ನಿಲ್ಲುತ್ತದೆ)
ವಿವರಣೆ, 4 ಸೆಕೆಂಡು: ಹುಡುಗಿ ಹಸಿರು ಕಡ್ಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಾಳೆ.

00:02:26
ತಾತ: ಗೌರಿ, ಕೆಂಪು ಚೆನ್ನಾಗಿ ಕೂತಿದೆಯೇನಮ್ಮ?
ಗೌರಿ: ಕೂತಿದೆ, ತಾತ.

00:02:33
ವಿವರಣೆ, 5 ಸೆಕೆಂಡು: ತಾತ ಬುಗುರಿಯನ್ನು ಕಣ್ಣಿನ ಹತ್ತಿರ ತರುತ್ತಾರೆ. ಇನ್ನೂ ಹತ್ತಿರ.

(‘ಇನ್ನೂ ಹತ್ತಿರ’ ಎಂಬುದಕ್ಕೆ ಮುನ್ನ ಒಂದು ಉಸಿರಿನಷ್ಟು ನಿಲ್ಲಿಸಿ.)

ದೃಶ್ಯ 2ಕ್ಕೆ.