ಜುಲೈ 31ಕ್ಕೆ ನಾನು ಹೊರಡುತ್ತಿದ್ದೇನೆ, ಕಂಪನಿ ಇಲ್ಲೇ ಇರುತ್ತದೆ

ಎಲ್ಲರಿಗೂ ನಮಸ್ಕಾರ.

ಜುಲೈ 31 ಕಂಪನಿಯಲ್ಲಿ ನನ್ನ ಕೊನೆಯ ದಿನ. ಆಗಸ್ಟ್ 1ರಿಂದ ಸವಿತಾ ಅವರು ಕಂಪನಿ ನಡೆಸುತ್ತಾರೆ.

ಇದನ್ನು ಓದಿದ ಕೂಡಲೇ ಮೊದಲು ಸಂಬಳದ ಯೋಚನೆ ಬರುವುದು ಸಹಜ. ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲರಿಗೂ ಇದೆ ಅಲ್ವಾ? ಸಂಬಳ ಎಂದಿನಂತೆ 1ನೇ ತಾರೀಖಿಗೇ ಬರುತ್ತದೆ. ನಾನು ಹೋಗುವುದರಿಂದ ಯಾರ ಕೆಲಸವೂ ಹೋಗುವುದಿಲ್ಲ. ನಮ್ಮ ಲೆಕ್ಕದ ಆ್ಯಪ್ ಬಳಸುವ ಮಂಡಿ ಅಂಗಡಿಗಳಿಂದ ತಿಂಗಳಿಗೆ ಬರುವ ಹಣದಲ್ಲೇ ನಮ್ಮ ಖರ್ಚು ನಡೆಯುತ್ತಿದೆ. ಅದರ ಮೇಲೆ 11 ತಿಂಗಳ ಖರ್ಚಿಗಾಗುವಷ್ಟು ಬ್ಯಾಂಕಿನಲ್ಲಿದೆ. ಲೆಕ್ಕ ನೋಡಬೇಕು ಅನ್ನಿಸಿದವರು ಬನ್ನಿ, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತೇನೆ. ಕಂಪನಿಯನ್ನು ಯಾರಿಗೂ ಮಾರಿಲ್ಲ. ಸವಿತಾ ಅವರಿಗೂ ನನಗೂ ಜಗಳ ಆಗಿಲ್ಲ.

ಕಾರಣ ಮನೆಯದು. ಅಮ್ಮನಿಗೆ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ಗಂಟೆ. ಮುಗಿಸಿ ಬಂದ ಮೇಲೆ ಅವರಿಗೆ ಎದ್ದು ನೀರು ಕುಡಿಯುವ ಶಕ್ತಿಯೂ ಇರುವುದಿಲ್ಲ. ಚಿತ್ರದುರ್ಗದ ಮನೆಯಲ್ಲಿ ಅಪ್ಪ ಒಬ್ಬರೇ. ಏಳು ತಿಂಗಳಿಂದ ನಾನು ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ದಾವಣಗೆರೆಯಲ್ಲಿ ಅಂತ ಓಡಾಡಿದೆ. ಎರಡೂ ಕಡೆ ಅರ್ಧರ್ಧ ಇದ್ದಂತಾಯಿತು. ಕಳೆದ ತಿಂಗಳು ಮಂಜು ಕೇಳಿದ ಒಂದು ಸಣ್ಣ ಪ್ರಶ್ನೆಗೆ ಒಂಬತ್ತು ದಿನ ಉತ್ತರ ಕೊಡಲಿಲ್ಲ. ಅವನು ಸುಮ್ನೆ ಕಾದ. ಅವತ್ತೇ ನಿರ್ಧಾರ ಮಾಡಿದೆ. ಅಮ್ಮನ ಹತ್ತಿರ ಪೂರ್ತಿಯಾಗಿ ಇರಬೇಕು.

ಈಗಲೇ ಯಾಕೆ ಅಂದರೆ, ಅಕ್ಟೋಬರ್‌ನಲ್ಲಿ ಮೆಕ್ಕೆಜೋಳ ಬರಲು ಶುರುವಾಗುತ್ತದೆ. ಆಮೇಲೆ ಯಾರಿಗೂ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಸೀಸನ್ ನಡುವೆ ಬಿಟ್ಟು ಹೋದರೆ ಅದು ನಿಮಗೆ ಮಾಡುವ ಮೋಸ. ಈಗ ಹೊರಟರೆ ಸವಿತಾ ಅವರಿಗೆ ಎರಡು ತಿಂಗಳು ಸಿಗುತ್ತದೆ. ನಿಜ ಹೇಳಬೇಕೆಂದರೆ ಅವರಿಗೆ ಅಷ್ಟೂ ಬೇಕಾಗಿಲ್ಲ. ಹೋದ ನವೆಂಬರ್‌ನಲ್ಲಿ ಒಂದೇ ಬೆಳಿಗ್ಗೆ ನಲವತ್ತು ಅಂಗಡಿಗಳಲ್ಲಿ ತೂಕದ ಚೀಟಿ ಬರುವುದು ನಿಂತಾಗ, ಎಪಿಎಂಸಿ ಯಾರ್ಡ್‌ನಲ್ಲಿ ಚೀಲಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸರಿ ಮಾಡಿದವರು ಅವರೇ. ನಾನು ಆವತ್ತು ಆಸ್ಪತ್ರೆಯಲ್ಲಿದ್ದೆ.

ಕಾಗದದ ಕೆಲಸವೂ ತಿಳಿದಿರಲಿ. ನಾನು ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ಕೊಡುತ್ತೇನೆ. ಅದರ ಫಾರಂ ಅನ್ನು ನಮ್ಮ ಆಡಿಟರ್ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸುತ್ತಾರೆ. ಬ್ಯಾಂಕಿನಲ್ಲಿ ಸಹಿ ಬದಲಾಗುತ್ತದೆ. ನನ್ನ ಷೇರು ನನ್ನ ಹತ್ತಿರವೇ ಇರುತ್ತದೆ, ಹಾಗಾಗಿ ಕಂಪನಿ ಚೆನ್ನಾಗಿರಲಿ ಅನ್ನುವುದು ನನ್ನ ಮನೆಯ ಮಾತೂ ಹೌದು. ನಿಮ್ಮಲ್ಲಿ ನಾಲ್ವರಿಗೆ ಕೊಟ್ಟಿರುವ ಷೇರಿನ ಪತ್ರ ಹಾಗೇ ನಡೆಯುತ್ತದೆ, ವರ್ಷದ ಲೆಕ್ಕ ಬದಲಾಗುವುದಿಲ್ಲ.

ನಮ್ಮ ಮೊದಲ ಗಿರಾಕಿ ದಲಾಲಿ ಅಂಗಡಿಯ ಯಜಮಾನರು ನಿಮಗೆಲ್ಲ ಗೊತ್ತು. ಶುರುವಿನಲ್ಲಿ ಅವರು ನಮ್ಮ ಆ್ಯಪ್‌ನಲ್ಲಿ ಒಂದು ಲೆಕ್ಕ ಬರೆದರೆ, ಕೆಂಪು ಬಟ್ಟೆ ಹೊದಿಸಿದ ಪುಸ್ತಕದಲ್ಲಿ ಅದೇ ಲೆಕ್ಕ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಫೋನನ್ನು ಕೈಚಾಚಿ ದೂರ ಹಿಡಿದು, ಎರಡನ್ನೂ ತಾಳೆ ನೋಡುತ್ತಿದ್ದರು. ಮೂರು ತಿಂಗಳು ಹೀಗೇ. ಒಂದು ದಿನ ಹೋದಾಗ ಪುಸ್ತಕದ ಮೇಲೆ ಮಂಡಕ್ಕಿ ಪೊಟ್ಟಣ ಇತ್ತು. ಪೆನ್ಸಿಲ್ ಕಾಣಲಿಲ್ಲ. ಆಫೀಸಿಗೆ ಬಂದು ಹೇಳಿದಾಗ ನೀವೆಲ್ಲ ಕೂಗಿದ ಕೂಗು ನನಗೆ ಇನ್ನೂ ಕೇಳುತ್ತದೆ. ಆ ನಂಬಿಕೆ ಗಳಿಸಿದ್ದು ನಾನೊಬ್ಬನೇ ಅಲ್ಲ. ಪ್ರತಿ ಪೈಸೆ ಸರಿ ಬರುವ ಹಾಗೆ ಮಾಡಿದವರು ನೀವು.

ಅಂಗಡಿಯವರು ಖಂಡಿತ ಕೇಳುತ್ತಾರೆ, "ಏನ್ರೀ, ಕಂಪನಿ ಮುಚ್ತೀರಾ?" ಅಂತ. ಮುಚ್ಚಿಡಬೇಡಿ. "ಅವರ ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಿದ್ದಾರೆ. ಸವಿತಾ ಮೇಡಂ ನೋಡಿಕೊಳ್ಳುತ್ತಾರೆ. ಅದೇ ಫೋನ್ ನಂಬರ್, ಅದೇ ರೇಟು" ಎಂದು ಹೇಳಿ. ಹಳೆಯ ಗಿರಾಕಿಗಳ ಅಂಗಡಿಗೆ ನಾನೂ ಸವಿತಾ ಅವರೂ ಇದೇ ತಿಂಗಳು ಒಟ್ಟಿಗೆ ಹೋಗಿ ಬರುತ್ತೇವೆ.

ನಾಳೆ ಬೆಳಿಗ್ಗೆ 10ಕ್ಕೆ ಎಲ್ಲರೂ ಕೂರೋಣ. ಎಲ್ಲರ ಮುಂದೆ ಕೇಳಲಾಗದ ಮಾತಿದ್ದರೆ ಸಂಜೆ ಒಬ್ಬೊಬ್ಬರೇ ಬನ್ನಿ, ನಾನು ಎಂಟರವರೆಗೂ ಇರುತ್ತೇನೆ. ಆಗಸ್ಟ್ ನಂತರವೂ ಫೋನ್ ಮಾಡಬಹುದು. ಡಯಾಲಿಸಿಸ್ ದಿನ ಎತ್ತದಿದ್ದರೆ ಸಂಜೆ ನಾನೇ ಮಾಡುತ್ತೇನೆ.

ಮಂಜು, ನಿನ್ನ ಪ್ರಶ್ನೆಗೆ ಇವತ್ತು ಉದ್ದದ ಉತ್ತರ ಕಳಿಸಿದ್ದೇನೆ, ನೋಡು.

ನಿಮ್ಮ
ಪ್ರಶಾಂತ್