ಡಿಸ್ಚಾರ್ಜ್ ಪತ್ರ: ವಾಲ್ವ್ ಬದಲಾವಣೆಯ ನಂತರ ಮನೆಗೆ ಹೋಗುವ ಶರಣಮ್ಮ ಅವರಿಗೆ

ಹೃದಯ ಶಸ್ತ್ರಚಿಕಿತ್ಸಾ ವಾರ್ಡ್, ಕಲಬುರಗಿ
12 ಡಿಸೆಂಬರ್ 2025, ಶುಕ್ರವಾರ

ರೋಗಿ: ಶರಣಮ್ಮ, 36 ವರ್ಷ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ
ಆಪರೇಷನ್: 3 ಡಿಸೆಂಬರ್ 2025, ಮೈಟ್ರಲ್ ವಾಲ್ವ್ ಬದಲಾವಣೆ (ಲೋಹದ ವಾಲ್ವ್, 27 ಮಿ.ಮೀ.)
ಇವತ್ತಿನ ಐಎನ್‌ಆರ್: 2.8
ಇವತ್ತಿನ ತೂಕ: 47 ಕಿಲೋ

ಶರಣಮ್ಮ ಅವರೇ,

ಬೇರೆ ಡಾಕ್ಟರಿಗೆ ತೋರಿಸಬೇಕಾದ ವಿವರವೆಲ್ಲ ಫೈಲಿನಲ್ಲಿದೆ. ಈ ಕಾಗದ ನಿಮಗಾಗಿ. ಒಂಬತ್ತನೇ ತರಗತಿಯ ನಿಮ್ಮ ಮಗಳು ಮನೆಯವರೆಲ್ಲ ಕೂತಿರುವಾಗ ಇದನ್ನು ಒಮ್ಮೆ ಗಟ್ಟಿಯಾಗಿ ಓದಲಿ. ನಿಮ್ಮ ಅತ್ತೆಯವರೂ ಕೇಳಲಿ, ಏಕೆಂದರೆ ಗಾಯಕ್ಕೆ ಅರಿಶಿನ ಹಚ್ಚುವ ಮಾತು ಬಂದದ್ದು ಅವರಿಂದಲೇ!

ಚಿಕ್ಕವರಿದ್ದಾಗ ಬಂದ ಕೀಲುನೋವಿನ ಜ್ವರದಿಂದ ನಿಮ್ಮ ವಾಲ್ವ್ ದಪ್ಪವಾಗಿ ಕಿರಿದಾಗಿತ್ತು. ಅದನ್ನು ತೆಗೆದು ಎರಡು ಪುಟ್ಟ ಬಾಗಿಲಿರುವ ಹೊಸ ವಾಲ್ವ್ ಕೂರಿಸಿದ್ದೇವೆ. ಇದು ಸವೆಯುವುದಿಲ್ಲ ಎಂದೇ ಹೇಳಬಹುದು. ಆದರೆ ಇದರ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಸದಾ ಇರುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಗುಳಿಗೆ ಜೀವನಪರ್ಯಂತ ಬೇಕು. ಆರೋಗ್ಯ ಸುಧಾರಿಸಿತು, ಇನ್ನು ಸಾಕು ಅನ್ನುವಂತಿಲ್ಲ.

ಸಂಜೆಯ ಗುಳಿಗೆ ಮತ್ತು ರಕ್ತ ಪರೀಕ್ಷೆ

ವಾರ್ಫರಿನ್ 5 ಮಿ.ಗ್ರಾಂ., ದಿನಾ ಸಂಜೆ 6 ಗಂಟೆಗೆ ಒಂದು. ದೇವರಿಗೆ ದೀಪ ಹಚ್ಚಿದ ಕೂಡಲೇ ನುಂಗುತ್ತೇನೆ ಎಂದಿರಲ್ಲ, ಹಾಗೇ ಮಾಡಿ. ನುಂಗಿದ ಮೇಲೆ ಪುಸ್ತಕದಲ್ಲಿ ಆ ದಿನಕ್ಕೆ ಟಿಕ್ ಹಾಕಿ. ಮರೆತರೆ ಅದೇ ರಾತ್ರಿ ನೆನಪಾದಾಗ ತೆಗೆದುಕೊಳ್ಳಬಹುದು. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. ಮರೆತದ್ದನ್ನು ಪುಸ್ತಕದಲ್ಲಿ ಬರೆದಿಡಿ, ನಾವು ಬೈಯುವುದಿಲ್ಲ. ಮುಚ್ಚಿಟ್ಟರೆ ಡೋಸ್ ತಪ್ಪಾಗಿ ಬದಲಿಸಿಬಿಡುತ್ತೇವೆ.

ಗುಳಿಗೆ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಇರುವ ಪರೀಕ್ಷೆ ಪಿಟಿ-ಐಎನ್‌ಆರ್. ನಿಮಗೆ ಇದು 2.5 ರಿಂದ 3.5ರ ಒಳಗಿರಬೇಕು. ಕಮ್ಮಿಯಾದರೆ ವಾಲ್ವ್ ಕಟ್ಟಿಕೊಳ್ಳಬಹುದು, ಜಾಸ್ತಿಯಾದರೆ ಎಲ್ಲಾದರೂ ರಕ್ತ ಸುರಿಯಬಹುದು. ಲ್ಯಾಬಿನ ಹಾಳೆಯಲ್ಲಿ ‘ನಾರ್ಮಲ್’ ಎಂದು ಸುಮಾರು 1 ಅಂತ ಅಚ್ಚಾಗಿರುತ್ತದೆ. ಅದು ವಾಲ್ವ್ ಇಲ್ಲದವರಿಗೆ. ಅದನ್ನು ನೋಡಿ ಯಾರಾದರೂ “ನಿಮ್ಮದು ಬಹಳ ಜಾಸ್ತಿಯಾಗಿದೆ, ಗುಳಿಗೆ ಬಿಡಿ” ಎಂದರೆ ಕೇಳಬೇಡಿ, ಮೊದಲು ನಮಗೆ ಫೋನ್ ಮಾಡಿ.

ಮೊದಲ ಪರೀಕ್ಷೆ ಡಿಸೆಂಬರ್ 15, ಸೋಮವಾರ. ಆಮೇಲೆ 18, ಗುರುವಾರ. ಇವೆರಡನ್ನೂ ಶಹಾಪುರದ ಲ್ಯಾಬಿನಲ್ಲೇ ಬೆಳಿಗ್ಗೆ ಮಾಡಿಸಿ. ಪ್ರತಿ ಸಲವೂ ಅದೇ ಲ್ಯಾಬ್ ಆದರೆ ಒಳ್ಳೆಯದು. ರಿಪೋರ್ಟಿನ ಫೋಟೋವನ್ನು ಮಧ್ಯಾಹ್ನದೊಳಗೆ ವಾರ್ಡಿನ ವಾಟ್ಸ್ಆ್ಯಪ್‌ಗೆ ಕಳಿಸಿ, ಸಂಜೆ ಗುಳಿಗೆಗೆ ಮುಂಚೆ ಡೋಸ್ ಹೇಳುತ್ತೇವೆ. ನಂಬರ್ ಫೈಲಿನ ಮೇಲೆ ಅಂಟಿಸಿದೆ. ಲೆಕ್ಕ ಒಂದು ಹದಕ್ಕೆ ಬಂದ ಮೇಲೆ ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ. ಅದಕ್ಕಿಂತ ದೂರ ಹೋಗುವುದು ಬೇಡ.

ಪರೀಕ್ಷೆಯೇ ಬೇಡದ ಹೊಸ ಗುಳಿಗೆ ಬಂದಿದೆಯಂತೆ ಎಂದು ನಿಮ್ಮ ಯಜಮಾನರು ಕೇಳಿದ್ದರು. ಬಂದಿರುವುದು ನಿಜ, ಆದರೆ ಲೋಹದ ವಾಲ್ವ್ ಇರುವವರಿಗೆ ಅದು ಆಗುವುದಿಲ್ಲ. ಪ್ರಯೋಗ ಮಾಡಿ ನೋಡಿ ಕೈಬಿಟ್ಟಿದ್ದಾರೆ.

ಊಟದಲ್ಲಿ ಪಥ್ಯ ಬೇಡ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ ಎಲ್ಲ ತಿನ್ನಿ. ಸೊಪ್ಪು ಮಾತ್ರ ಒಂದೇ ಅಳತೆಯಲ್ಲಿರಲಿ. ಮೆಂತ್ಯ, ಪಾಲಕ್, ರಾಜಗಿರಿಯಂಥ ಹಸಿರು ಸೊಪ್ಪಿನಲ್ಲಿರುವ ಕೆ ವಿಟಮಿನ್ ಈ ಗುಳಿಗೆಯ ಕೆಲಸವನ್ನು ಕುಗ್ಗಿಸುತ್ತದೆ. ಸೊಪ್ಪು ಪೂರ್ತಿ ಬಿಟ್ಟರೂ ತೊಂದರೆ, ಒಮ್ಮೆಲೇ ಜಾಸ್ತಿ ತಿಂದರೂ ತೊಂದರೆ. ಇನ್ನೊಂದು ವಾರಕ್ಕೆ ಎಳ್ಳ ಅಮಾವಾಸ್ಯೆ. ಭಜ್ಜಿ ಬೇಡ ಎಂದರೆ ನೀವು ಕೇಳುವುದಿಲ್ಲ ಅಂತ ಗೊತ್ತು! ಒಂದು ಸಣ್ಣ ಬಟ್ಟಲು ತಿನ್ನಿ. ನಾಲ್ಕು ದಿನ ಅದನ್ನೇ ಬಿಸಿ ಮಾಡಿಕೊಂಡು ತಿನ್ನಬೇಡಿ.

ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಸೊಂಟಕ್ಕಾಗಲಿ ತೋಳಿಗಾಗಲಿ ನಮ್ಮನ್ನು ಕೇಳದೆ ಇಂಜೆಕ್ಷನ್ ಹಾಕಿಸಬೇಡಿ, ಒಳಗೆ ರಕ್ತ ಗಡ್ಡೆಯಾಗುತ್ತದೆ. 21 ದಿನಕ್ಕೊಮ್ಮೆ ಹಾಕಿಸುತ್ತಿದ್ದ ಪೆನಿಸಿಲಿನ್ ಇಂಜೆಕ್ಷನ್ ಬದಲು ಅದರ ಗುಳಿಗೆ ಕೊಟ್ಟಿದ್ದೇವೆ: 250 ಮಿ.ಗ್ರಾಂ., ಬೆಳಿಗ್ಗೆ ಒಂದು, ರಾತ್ರಿ ಒಂದು. ಹೊಸ ವಾಲ್ವ್ ಬಂತೆಂದು ಅದನ್ನು ಬಿಡುವಂತಿಲ್ಲ. ನಾಟಿ ಔಷಧ ಸದ್ಯಕ್ಕೆ ಬೇಡ. ಬೇರೆ ಯಾವ ಡಾಕ್ಟರ್ ಆ್ಯಂಟಿಬಯಾಟಿಕ್ ಬರೆದರೂ ನಮಗೆ ತಿಳಿಸಿ, 3-4 ದಿನಕ್ಕೆ ಐಎನ್‌ಆರ್ ನೋಡಬೇಕಾಗುತ್ತದೆ.

ಎದೆಯ ಗಾಯ

ದಿನಾ ಸ್ನಾನ ಮಾಡಿ. ಉಗುರುಬೆಚ್ಚಗಿನ ನೀರು, ಸಾದಾ ಸೋಪು. ಗಾಯವನ್ನು ಉಜ್ಜಬೇಡಿ. ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆಯಿಂದ ಒತ್ತಿ ಒರೆಸಿ. ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ, ಪೌಡರ್ ಯಾವುದೂ ಬೇಡ. ಗಾಯ ಮುಟ್ಟುವವರು ಮೊದಲು ಕೈ ತೊಳೆಯಲಿ. ಒಳಗಿನ ಹೊಲಿಗೆ ತಾನೇ ಕರಗುತ್ತದೆ. ಕೆಳಗೆ ನಳಿಗೆ ಹಾಕಿದ್ದ ಕಡೆ ಇರುವ ಎರಡು ಕಪ್ಪು ಹೊಲಿಗೆ ನಾವು ಬಿಚ್ಚುತ್ತೇವೆ. ಮೆತ್ತನೆಯ ಹತ್ತಿಯ ಒಳಉಡುಪು ಹಾಕಿ, ಎದೆಯ ಭಾರ ಗಾಯವನ್ನು ಜಗ್ಗಬಾರದು.

ಎದೆಯ ಮೂಳೆಯನ್ನು ತಂತಿಯಿಂದ ಬಿಗಿದಿದ್ದೇವೆ. ಅದು ಕೂಡಲು ಎರಡು-ಮೂರು ತಿಂಗಳು ಬೇಕು. ಅಲ್ಲಿವರೆಗೆ ತುಂಬಿದ ಕೊಡ ಎತ್ತಬೇಡಿ, ಬೋರ್ ಹೊಡೆಯಬೇಡಿ. ರೊಟ್ಟಿ ಬಡಿಯುವುದೂ ಬೇಡ. “ರೊಟ್ಟಿಗೇನು ಭಾರ?” ಎಂದು ನಕ್ಕಿರಿ. ಭಾರ ರೊಟ್ಟಿಯದಲ್ಲ. ಹಿಟ್ಟು ನಾದಿ, ಬಡಿಯುವಾಗ ಎರಡೂ ತೋಳಿನ ಜಗ್ಗಾಟ ಎದೆಮೂಳೆಗೇ ಬೀಳುತ್ತದೆ. ಎಂಟು ವಾರ ಬೇರೆಯವರು ಬಡಿಯಲಿ, ನೀವು ಕೂತು ತಿನ್ನಿ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿ ಹಿಡಿಯಿರಿ. ಎದ್ದೇಳುವಾಗ ಪಕ್ಕಕ್ಕೆ ಹೊರಳಿ ಏಳಿ. ನಡೆದಾಡುವುದಕ್ಕೆ ಅಡ್ಡಿಯಿಲ್ಲ, ದಿನಾ ಸ್ವಲ್ಪ ಜಾಸ್ತಿ ಮಾಡಿ. ಈ ಸಲ ಹತ್ತಿ ಬಿಡಿಸುವುದು, ತೊಗರಿ ಕೊಯ್ಲು ನಿಮ್ಮ ಪಾಲಿಗಿಲ್ಲ.

ಏನಾದರೆ ತಡಮಾಡಬಾರದು

ರಾತ್ರಿ ಮಲಗಿದಾಗ ಎದೆಯೊಳಗೆ ಗಡಿಯಾರದಂತೆ ಟಿಕ್ ಟಿಕ್ ಕೇಳುತ್ತದೆ ಎಂದು ಹೆದರಿದ್ದಿರಿ. ಅದು ನಿಮ್ಮ ವಾಲ್ವಿನ ಸದ್ದು. ಕೇಳಿಸಿದರೆ ಒಳ್ಳೆಯದೇ. ದಿನಾ ಕೇಳುತ್ತಿದ್ದ ಸದ್ದು ಮಂಕಾದರೆ ಅಥವಾ ನಿಂತರೆ, ಜೊತೆಗೆ ಉಸಿರು ಸಿಗದಂತಾದರೆ ಆಗ ಹೆದರಬೇಕು. ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಒಂದು ಕಣ್ಣು ಕತ್ತಲಾದರೆ ಕೂಡ 108. ಐದು ನಿಮಿಷದಲ್ಲಿ ಸರಿಹೋದರೂ ಬರಬೇಕು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ರಕ್ತ ಬರದಿದ್ದರೂ ಬನ್ನಿ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, 10 ನಿಮಿಷ ಮೂಗು ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಅದೇ ಮಾತು. ನಿಮಗೆ ಕಬ್ಬಿಣಾಂಶದ ಗುಳಿಗೆ ಕೊಟ್ಟಿಲ್ಲ, ಹಾಗಾಗಿ ಮಲ ಕಪ್ಪಾದರೆ ಅದರಿಂದಿರಬಹುದು ಎಂದು ಸುಮ್ಮನಿರಬೇಡಿ.

ಅದೇ ದಿನ ಫೋನ್ ಮಾಡಬೇಕಾದ್ದು ಇವಕ್ಕೆ: 100.4 ಡಿಗ್ರಿ ದಾಟಿದ ಜ್ವರ ಅಥವಾ ನಡುಕ. ಗಾಯ ಕೆಂಪಾಗಿ ಕೀವು, ನೀರು ಒಸರುವುದು. ಹೊರಳಿದಾಗ ಎದೆಮೂಳೆ ಕಟಕಟ ಎನ್ನುವುದು. ಒಸಡಿನಲ್ಲಿ ರಕ್ತ, ಕೆಂಪು ಮೂತ್ರ, ಕಾರಣವಿಲ್ಲದ ನೀಲಿ ಕಲೆ. ಮುಟ್ಟಿನ ರಕ್ತ ಮೊದಲಿಗಿಂತ ಬಹಳ ಹೋಗುವುದು. ಕಾಲು ಬಾವು, ಅಥವಾ ಎರಡು-ಮೂರು ದಿನದಲ್ಲಿ 2 ಕಿಲೋ ತೂಕ ಏರುವುದು. ವಾಂತಿಭೇದಿ ಒಂದು ದಿನ ದಾಟಿದರೂ ತಿಳಿಸಿ, ಐಎನ್‌ಆರ್ ಏರುಪೇರಾಗುತ್ತದೆ. ಜ್ವರಕ್ಕೆ ಊರಲ್ಲೇ ಆ್ಯಂಟಿಬಯಾಟಿಕ್ ಶುರು ಮಾಡಬೇಡಿ. ವಾಲ್ವಿಗೆ ಸೋಂಕು ತಗುಲಿದ್ದರೆ ಮೊದಲು ರಕ್ತ ತೆಗೆದು ಕಲ್ಚರ್‌ಗೆ ಕಳಿಸಬೇಕು.

ಹಲ್ಲು ಕೀಳಿಸುವ ಮುಂಚೆ ವಾಲ್ವ್ ಕಾರ್ಡ್ ತೋರಿಸಿ. ಸೋಂಕು ತಡೆಯಲು ಮೊದಲೇ ಔಷಧ ತೆಗೆದುಕೊಳ್ಳಬೇಕಾಗುತ್ತದೆ. ಅದಕ್ಕಾಗಿ ವಾರ್ಫರಿನ್ ನೀವೇ ನಿಲ್ಲಿಸಬೇಡಿ.

ಡಿಸೆಂಬರ್ 22, ಸೋಮವಾರ ಬೆಳಿಗ್ಗೆ 9 ಗಂಟೆಗೆ ಹೊಲಿಗೆ ಬಿಚ್ಚಿಸಲು ಮತ್ತು ಐಎನ್‌ಆರ್‌ಗೆ ಬನ್ನಿ. ಎಕೋ ಮಾಡುವುದು 2026ರ ಜನವರಿ 19ರಂದು. ಪುಸ್ತಕ, ವಾಲ್ವ್ ಕಾರ್ಡ್, ಉಳಿದ ಗುಳಿಗೆಯ ಪಟ್ಟಿಗಳನ್ನೂ ತನ್ನಿ, ಎಣಿಸಿ ನೋಡುತ್ತೇವೆ. ಬಸ್ಸಿನಲ್ಲಿ ನಿಂತುಕೊಂಡು ಬರಬೇಡಿ, ಸೀಟು ಸಿಗುವ ಬಸ್ಸಿಗೆ ಹತ್ತಿ. ಸ್ವಲ್ಪ ತಡವಾದರೂ ನೋಡುತ್ತೇವೆ.

ನಿಮ್ಮ ಸರ್ಜನ್
ಹೃದಯ ಶಸ್ತ್ರಚಿಕಿತ್ಸಾ ವಾರ್ಡ್, ಕಲಬುರಗಿ